ಮೊದಲ ವಿಡಿಯೊ ಏರಿಸುವ ಮುನ್ನ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ಬೆಳೆಗಾರರು ಫೋನ್ ತೆಗೆದು ಯೂಟ್ಯೂಬ್‌ನಲ್ಲಿ ‘ಕೊಳೆರೋಗ’ ಎಂದು ಹುಡುಕುತ್ತಾರೆ. ಪರದೆಯ ಮೇಲೆ ವಿಡಿಯೊಗಳ ಸಾಲು ಬರುತ್ತದೆ. ಒಂದೊಂದರ ಕೆಳಗೂ ಒಂದು ಶೀರ್ಷಿಕೆ, ಪುಟ್ಟದೊಂದು ದುಂಡು ಚಿತ್ರ, ಒಂದು ಚಾನೆಲ್ ಹೆಸರು. ಯಾವುದನ್ನು ಒತ್ತಬೇಕೆಂದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ. ವಿಡಿಯೊ ಹಿಡಿಸಿದರೆ ಹೆಸರನ್ನು ಒತ್ತಿ ಚಾನೆಲ್ಲಿನ ಪುಟಕ್ಕೂ ಹೋಗಿ ನೋಡುತ್ತಾರೆ. ಅಲ್ಲಿ ಬ್ಯಾನರ್ ಜಾಗ ಖಾಲಿ, ವಿವರಣೆಯ ಸುಳಿವಿಲ್ಲ, ಚಿತ್ರವಿರಬೇಕಾದಲ್ಲಿ ಬಣ್ಣದ ವೃತ್ತದೊಳಗೆ ಇಂಗ್ಲಿಷಿನ ಒಂದೇ ಅಕ್ಷರ. ಇದು ಮುಂದೆಯೂ ತೋಟದ ವಿಷಯ ಹೇಳುವ ಚಾನೆಲ್ಲೋ, ಯಾರೋ ಒಮ್ಮೆ ಏರಿಸಿ ಮರೆತ ವಿಡಿಯೊವೋ ಗೊತ್ತಾಗುವುದಿಲ್ಲ. ಬಂದವರು ಸಬ್‌ಸ್ಕ್ರೈಬ್ ಒತ್ತದೆ ಹೊರಡುತ್ತಾರೆ.

ಹೊಸದಾಗಿ ಚಾನೆಲ್ ಶುರು ಮಾಡುವವರ ಗಮನವೆಲ್ಲ ಕ್ಯಾಮೆರಾ, ಮೈಕು, ಸಂಕಲನದ ಮೇಲೆ ಇರುತ್ತದೆ. ಚಾನೆಲ್ಲಿನ ವ್ಯವಸ್ಥೆಯನ್ನು ‘ಆಮೇಲೆ ಮಾಡಿದರಾಯಿತು’ ಎಂದು ಬಿಡುತ್ತಾರೆ. ಅದರಲ್ಲಿ ಕೆಲವನ್ನು ನಿಜವಾಗಿಯೂ ಆಮೇಲೆ ಮಾಡಬಹುದು. ಬ್ಯಾನರ್ ಹಿಡಿಸದಿದ್ದರೆ ಮುಂದಿನ ತಿಂಗಳು ಬದಲಿಸಬಹುದು, ವಿವರಣೆಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಇನ್ನು ಕೆಲವು ಆಯ್ಕೆಗಳು ಪ್ರತಿ ವಿಡಿಯೊದೊಳಗೂ ಸೇರಿಕೊಂಡುಬಿಡುತ್ತವೆ. ನಲವತ್ತು ವಿಡಿಯೊ ಆದ ಮೇಲೆ ತಪ್ಪು ಕಂಡರೆ ನಲವತ್ತನ್ನೂ ತೆರೆದು ತಿದ್ದಬೇಕು. ಖಾತೆ ಯಾರ ಹೆಸರಿನಲ್ಲಿದೆ ಎಂಬಂಥವಂತೂ ತಿದ್ದಲು ಹೊರಟರೆ ಮನಸ್ತಾಪಕ್ಕೇ ದಾರಿಯಾಗುತ್ತವೆ. ಯಾವುದಕ್ಕೆ ಎಷ್ಟು ಸಮಯ ಕೊಡಬೇಕೆಂಬುದು ಈ ವ್ಯತ್ಯಾಸದಿಂದ ತೀರ್ಮಾನವಾಗಬೇಕು.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಂಡು ಇದನ್ನು ನೋಡೋಣ. ತೀರ್ಥಹಳ್ಳಿ ಕಡೆಯ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ತೋಟ ನೋಡಿಕೊಳ್ಳುತ್ತಾನೆ. ತಂಗಿ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಳೆ, ರಜೆಗೆ ಬಂದಾಗ ವಿಡಿಯೊ ಸಂಕಲನ ಮಾಡುತ್ತಾಳೆ. ಅಡಿಕೆ ಕೃಷಿಯ ಬಗ್ಗೆ ಕನ್ನಡದಲ್ಲಿ ಚಾನೆಲ್ ಮಾಡುವುದು ಇಬ್ಬರ ಆಸೆ. ಹೆಸರು ‘ಅಡಿಕೆ ಅಂಗಳ’ ಎಂದಿರಲಿ.

ಖಾತೆ ಯಾರದು?

ಮೊದಲ ಪ್ರಶ್ನೆ ಬಣ್ಣದ್ದಲ್ಲ, ಲೋಗೊದ್ದಲ್ಲ, ಒಡೆತನದ್ದು. ಹೆಚ್ಚಿನವರು ಫೋನಿನಲ್ಲಿ ಈಗಾಗಲೇ ಇರುವ ಜಿಮೇಲ್ ಖಾತೆಯಲ್ಲೇ ಚಾನೆಲ್ ತೆರೆಯುತ್ತಾರೆ. ಬ್ಯಾಂಕಿನ ಓಟಿಪಿ, ಮಕ್ಕಳ ಶಾಲೆಯ ಪತ್ರ, ಮನೆಯ ಫೋಟೊ ಎಲ್ಲವೂ ಇರುವ ಖಾತೆ ಅದು. ವಿಡಿಯೊ ಏರಿಸಲು ತಂಗಿಗೆ ಅದರ ಪಾಸ್‌ವರ್ಡ್ ಕೊಟ್ಟರೆ ಅಣ್ಣನ ಇಡೀ ಖಾಸಗಿ ಜೀವನದ ಕೀಲಿಕೈ ಕೊಟ್ಟಂತೆ. ನಾಳೆ ಥಂಬ್‌ನೇಲ್ ಮಾಡಿಕೊಡುವ ಹುಡುಗನೊಬ್ಬ ಜೊತೆಗೂಡಿದರೆ ಅವನಿಗೂ ಅದೇ ಪಾಸ್‌ವರ್ಡ್ ಹೋಗುತ್ತದೆ.

ಇದಕ್ಕೆ ಯೂಟ್ಯೂಬ್ ಎರಡು ದಾರಿ ಇಟ್ಟಿದೆ. ಒಂದು, ಚಾನೆಲ್ಲನ್ನು ಬ್ರ್ಯಾಂಡ್ ಖಾತೆಯಾಗಿ ತೆರೆಯುವುದು. ಹೀಗೆ ತೆರೆದ ಚಾನೆಲ್ಲಿನ ಹೆಸರಿಗೂ ಗೂಗಲ್ ಖಾತೆಯವರ ಹೆಸರಿಗೂ ನಂಟಿರುವುದಿಲ್ಲ. ಮುಂದೆ ಒಡೆತನವನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸಲೂ ಸಾಧ್ಯ. ಇನ್ನೊಂದು ದಾರಿ ಯೂಟ್ಯೂಬ್ ಸ್ಟುಡಿಯೊದ Settings ಒಳಗಿನ Permissions. ಇಲ್ಲಿ ತಂಗಿಯ ಇಮೇಲ್ ವಿಳಾಸ ಹಾಕಿ ಆಕೆಗೆ Manager ಅಥವಾ Editor ಸ್ಥಾನ ಕೊಡಬಹುದು. ಆಕೆ ತನ್ನ ಖಾತೆಯಿಂದಲೇ ಒಳಬಂದು ವಿಡಿಯೊ ಏರಿಸುತ್ತಾಳೆ, ಅಣ್ಣನ ಪಾಸ್‌ವರ್ಡ್ ಅಣ್ಣನಲ್ಲೇ ಉಳಿಯುತ್ತದೆ. ಅಂಕಿಅಂಶ ನೋಡಿದರೆ ಸಾಕು ಎನ್ನುವವರಿಗೆ Viewer ಸ್ಥಾನವಿದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರು ತೆಗೆದರೆ ಮುಗಿಯಿತು, ಪಾಸ್‌ವರ್ಡ್ ಬದಲಿಸುವ ಗೊಡವೆಯಿಲ್ಲ.

ಇದು ಅತಿಯಾದ ಎಚ್ಚರಿಕೆ ಎನಿಸಿದರೆ 2023ರ ಮಾರ್ಚ್‌ನಲ್ಲಿ ಕೆನಡಾದ ಪ್ರಸಿದ್ಧ ತಂತ್ರಜ್ಞಾನ ಚಾನೆಲ್ ‘ಲೈನಸ್ ಟೆಕ್ ಟಿಪ್ಸ್’ಗೆ ಆದದ್ದನ್ನು ನೆನೆಯಬಹುದು. ಪ್ರಾಯೋಜಕತ್ವದ ಪ್ರಸ್ತಾಪದಂತೆ ಕಾಣುವ ಒಂದು ಇಮೇಲ್ ಬಂತು. ತಂಡದ ಒಬ್ಬರು ಅದರ ಜೊತೆಗಿದ್ದ ಫೈಲನ್ನು ತೆರೆದರು. ಅದು ಅವರ ಬ್ರೌಸರಿನಲ್ಲಿದ್ದ ಲಾಗಿನ್ ಗುರುತನ್ನು ಕದ್ದೊಯ್ದಿತು. ಪಾಸ್‌ವರ್ಡ್ ಆಗಲಿ ಎರಡನೇ ಹಂತದ ಸಂಕೇತವಾಗಲಿ ಕಳ್ಳರಿಗೆ ಬೇಕೇ ಆಗಲಿಲ್ಲ. ಅವರು ಚಾನೆಲ್ಲಿನ ಹೆಸರು ಬದಲಿಸಿ, ಕ್ರಿಪ್ಟೊ ಹಣದ ಮೋಸದ ನೇರಪ್ರಸಾರ ನಡೆಸಿದರು. ಅಷ್ಟು ದೊಡ್ಡ ತಂಡಕ್ಕೆ ಯೂಟ್ಯೂಬ್‌ನ ನೆರವು ಬೇಗ ಸಿಕ್ಕಿತು, ಚಾನೆಲ್ ಮರಳಿತು. ಈಗಷ್ಟೇ ಕಣ್ಣು ಬಿಟ್ಟ ಚಾನೆಲ್ಲಿಗೆ ಆ ನೆರವು ಅಷ್ಟು ಸುಲಭವಲ್ಲ. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಟ್ಟಿದ್ದರೆ ಒಬ್ಬರ ಕಂಪ್ಯೂಟರಿಗೆ ಕನ್ನ ಬಿದ್ದಾಗಲೂ ಆಗುವ ಹಾನಿಗೆ ಒಂದು ಮಿತಿ ಇರುತ್ತದೆ. ಎರಡು ಹಂತದ ದೃಢೀಕರಣವನ್ನು ಮೊದಲ ದಿನವೇ ಹಾಕಿಕೊಳ್ಳಬೇಕು. ವಿಡಿಯೊದಿಂದ ಹಣ ಗಳಿಸುವ ಹಂತ ತಲುಪಿದ ಮೇಲೆ ಅದು ಹೇಗೂ ಕಡ್ಡಾಯ.

ಇದೇ ಹೊತ್ತಿನಲ್ಲಿ ಫೋನ್ ನಂಬರಿನ ದೃಢೀಕರಣವನ್ನೂ ಮುಗಿಸಬೇಕು. youtube.com/verify ಪುಟದಲ್ಲಿ ನಂಬರ್ ಕೊಟ್ಟು, ಬಂದ ಸಂಕೇತ ತುಂಬಿದರೆ ಆಯಿತು. ಅಲ್ಲಿಯವರೆಗೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಏರಿಸಲಾಗುವುದಿಲ್ಲ, ಸ್ವಂತ ಥಂಬ್‌ನೇಲ್ ಹಾಕಲೂ ಆಗುವುದಿಲ್ಲ. ಮೊದಲ ವಿಡಿಯೊ ಏರಿಸುವ ರಾತ್ರಿ ಈ ತಡೆ ಎದುರಾಗಿ ಕಂಗಾಲಾದವರು ಬಹಳ. ಒಂದೇ ನಂಬರನ್ನು ವರ್ಷಕ್ಕೆ 2 ಚಾನೆಲ್‌ಗಳಿಗೆ ಮಾತ್ರ ಬಳಸಬಹುದು. ಹಾಗಾಗಿ ಮನೆಯವರ ಬೇರೆ ಚಾನೆಲ್‌ಗಳಿಗೆ ಅದೇ ನಂಬರ್ ಹೋಗಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕರೆಯುವ ಹೆಸರು, ಟೈಪಿಸುವ ಹೆಸರು

ಚಾನೆಲ್ಲಿಗೆ ಎರಡು ಹೆಸರುಗಳಿರುತ್ತವೆ. ಒಂದು, ಎಲ್ಲರಿಗೂ ಕಾಣುವ ಹೆಸರು: ಅಡಿಕೆ ಅಂಗಳ. ಇದೇ ಹೆಸರನ್ನು ಇನ್ನೊಬ್ಬರು ಇಟ್ಟುಕೊಂಡರೂ ಯೂಟ್ಯೂಬ್ ತಡೆಯುವುದಿಲ್ಲ. ಇನ್ನೊಂದು @ ಚಿಹ್ನೆಯಿಂದ ಶುರುವಾಗುವ ಹ್ಯಾಂಡಲ್. ಅದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ. 2022ರ ಕೊನೆಯಲ್ಲಿ ಹ್ಯಾಂಡಲ್ ಬರುವ ಮೊದಲು ಚಾನೆಲ್ಲಿಗೆ ಓದಬಲ್ಲ ವಿಳಾಸ ಬೇಕೆಂದರೆ 100 ಸಬ್‌ಸ್ಕ್ರೈಬರ್‌ಗಳಾಗುವವರೆಗೆ ಕಾಯಬೇಕಿತ್ತು. ಈಗ ಮೊದಲ ದಿನವೇ ಸಿಗುತ್ತದೆ. ಅದರ ಉದ್ದ 3ರಿಂದ 30 ಅಕ್ಷರ.

ಕನ್ನಡದ ಹೆಸರನ್ನು ಇಂಗ್ಲಿಷ್ ಲಿಪಿಗೆ ತರುವಾಗ ಇಲ್ಲೊಂದು ತೊಡಕಿದೆ. ‘ತೋಟದ ಪಾಠ’ ಎಂಬ ಹೆಸರನ್ನು ಒಬ್ಬರು totada ಎಂದು, ಇನ್ನೊಬ್ಬರು thotada ಎಂದು, ಮತ್ತೊಬ್ಬರು paata, paatha, patha ಎಂದು ಬರೆಯುತ್ತಾರೆ. ಜಾತ್ರೆಯಲ್ಲೋ ಸೊಸೈಟಿಯ ಸಭೆಯಲ್ಲೋ ಬಾಯಿಮಾತಿನಲ್ಲಿ ಹೇಳಿದ ಹೆಸರನ್ನು ಕೇಳಿದವರು ತಪ್ಪಿಲ್ಲದೆ ಟೈಪಿಸಬಲ್ಲರೇ ಎಂಬುದೇ ಒಳ್ಳೆಯ ಹ್ಯಾಂಡಲ್‌ನ ಪರೀಕ್ಷೆ. @adikeangala ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಪಾಸಾಗುತ್ತದೆ. ಕೊನೆಗೆ ಅಂಕಿ, ನಡುವೆ ಅಡಿಗೆರೆ ಸೇರಿಸಿದರೆ ಅದನ್ನು ಬಾಯಲ್ಲಿ ಹೇಳುವುದೇ ಕಷ್ಟ. ಬೇಕಾದ ಹ್ಯಾಂಡಲ್ ಸಿಗದಿದ್ದರೆ ಅಂಕಿ ಅಂಟಿಸುವ ಬದಲು ಚಾನೆಲ್ಲಿನ ಹೆಸರನ್ನೇ ಮತ್ತೊಮ್ಮೆ ಯೋಚಿಸುವುದು ಲೇಸು. ಏಕೆಂದರೆ ಇನ್ನೂ ಯಾರಿಗೂ ಆ ಹೆಸರು ಗೊತ್ತಿಲ್ಲ.

ಹ್ಯಾಂಡಲನ್ನು ಮುಂದೆಯೂ ಬದಲಿಸಬಹುದು, 14 ದಿನಗಳಲ್ಲಿ 2 ಬಾರಿ. ಆದರೆ ಹಳೆಯದು ಸ್ವಲ್ಪ ದಿನ ಮಾತ್ರ ನಮಗಾಗಿ ಕಾದಿರುತ್ತದೆ, ಆಮೇಲೆ ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ, ಕರಪತ್ರದಲ್ಲಿ ಅಚ್ಚಾದ ಹಳೆಯ ವಿಳಾಸ ಅಂದಿನಿಂದ ಬೇರೆಯವರ ಮನೆಗೆ ದಾರಿ ತೋರಿಸುತ್ತದೆ.

98 ಪಿಕ್ಸೆಲ್‌ನಲ್ಲಿ ಕಾಣುವಷ್ಟೇ ಗುರುತು

ಚಾನೆಲ್ಲಿನ ಚಿತ್ರವನ್ನು 800 × 800 ಪಿಕ್ಸೆಲ್ ಅಳತೆಯಲ್ಲಿ ಏರಿಸುವಂತೆ ಯೂಟ್ಯೂಬ್ ಹೇಳುತ್ತದೆ. ಆದರೆ ಅದನ್ನು ತೋರಿಸುವುದು 98 × 98ರಲ್ಲಿ. ವಿಡಿಯೊದ ಪಕ್ಕ, ಕಾಮೆಂಟಿನ ಪಕ್ಕ ಇನ್ನೂ ಚಿಕ್ಕದಾಗಿ, ಅದೂ ವೃತ್ತದೊಳಗೆ. ಚೌಕದ ನಾಲ್ಕು ಮೂಲೆಗಳು ಕತ್ತರಿಸಿ ಹೋಗುತ್ತವೆ. ಕನ್ನಡ ಲಿಪಿಗೆ ಇದು ಇನ್ನಷ್ಟು ಬಿಗಿ. ‘ಅಡಿಕೆ ಅಂಗಳ’ ಎಂದು ಪೂರ್ತಿ ಬರೆದರೆ ಗುಡಿಸು, ಏತ್ವ, ಸೊನ್ನೆಗಳೆಲ್ಲ ಕಲಸಿಹೋಗಿ ಅಕ್ಷರ ಯಾವುದೆಂದೇ ತಿಳಿಯದು. ಒತ್ತಕ್ಷರವಿರುವ ಹೆಸರಾದರೆ ಒತ್ತು ಮೊದಲು ಮಾಯವಾಗುತ್ತದೆ. ಒಂದು ದಪ್ಪ ‘ಅ’, ಇಲ್ಲವೇ ಒಂದು ಹಣ್ಣಡಿಕೆಯ ಚಿತ್ರ, ಹಿಂದೆ ಒಂದೇ ಗಾಢ ಬಣ್ಣ ಇದ್ದರೆ ಸಾಕು. ಮಾಡಿದ ಚಿತ್ರವನ್ನು ಫೋನಿನಲ್ಲಿ ಬೆರಳುಗುರಿನಷ್ಟಕ್ಕೆ ಕುಗ್ಗಿಸಿ, ಕೈಯನ್ನು ಪೂರ್ತಿ ಚಾಚಿ ನೋಡಬೇಕು. ಆಗಲೂ ಗುರುತು ಸಿಕ್ಕರೆ ಅದು ನಡೆಯುತ್ತದೆ.

ಬ್ಯಾನರ್‌ನಲ್ಲಿ ಎಡವುವುದು ಅಳತೆಯ ವಿಷಯದಲ್ಲಿ. ಏರಿಸುವ ಚಿತ್ರ ಕನಿಷ್ಠ 2048 × 1152 ಪಿಕ್ಸೆಲ್ ಇರಬೇಕು. ಅಷ್ಟೂ ಕಾಣುವುದು ಟಿವಿಯಲ್ಲಿ ಮಾತ್ರ. ಕಂಪ್ಯೂಟರಿನಲ್ಲಿ ನಡುವಿನ ಉದ್ದನೆಯ ಪಟ್ಟಿ ಕಾಣುತ್ತದೆ, ಫೋನಿನಲ್ಲಿ ಅದರಲ್ಲೂ ನಡುಭಾಗವಷ್ಟೇ. ಎಲ್ಲ ಪರದೆಗಳಲ್ಲೂ ಉಳಿಯುವ ಭಾಗ ನಡುವಿನ 1235 × 338 ಪಿಕ್ಸೆಲ್. ಹೆಸರು ಮತ್ತು ಒಂದು ಸಾಲಿನ ಪರಿಚಯ ಆ ಆಯತದೊಳಗೇ ಇರಬೇಕು. ಹೊರಗಿನ ಜಾಗಕ್ಕೆ ತೋಟದ ಹಸಿರು, ಆಕಾಶ ಬಂದರೆ ಸಾಕು, ಕತ್ತರಿಸಿ ಹೋದರೂ ನಷ್ಟವಿಲ್ಲ. ವಿಡಿಯೊ ಬರುವ ವಾರವನ್ನೋ ಫೋನ್ ನಂಬರನ್ನೋ ಬ್ಯಾನರಿನ ಮೂಲೆಯಲ್ಲಿ ಬರೆದವರು ಅದು ಫೋನಿನಲ್ಲಿ ಯಾರಿಗೂ ಕಾಣುತ್ತಿಲ್ಲವೆಂದು ತಿಳಿಯುವುದು ತಿಂಗಳುಗಳ ಮೇಲೆ. ಏಕೆಂದರೆ ಅವರು ಅದನ್ನು ನೋಡಿದ್ದು ತಾವು ವಿನ್ಯಾಸ ಮಾಡಿದ ಕಂಪ್ಯೂಟರಿನಲ್ಲಿ.

ವಿವರಣೆ: ಮೊದಲ ವಾಕ್ಯಕ್ಕೇ ಹೆಚ್ಚಿನ ಕೆಲಸ

ಚಾನೆಲ್ಲಿನ ವಿವರಣೆಗೆ 1000 ಅಕ್ಷರಗಳವರೆಗೆ ಅವಕಾಶವಿದೆ. ಪುಟ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಮೊದಲ ತುಣುಕು ಮಾತ್ರ, ಉಳಿದದ್ದನ್ನು ಒತ್ತಿ ಓದಬೇಕು. ‘ನಮ್ಮ ಚಾನೆಲ್ಲಿಗೆ ಸ್ವಾಗತ, ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ’ ಎಂದು ಶುರು ಮಾಡಿದರೆ ಆ ತುಣುಕು ವ್ಯರ್ಥ. ಯಾರಿಗಾಗಿ, ಯಾವ ವಿಷಯ, ಎಲ್ಲಿಂದ ಎಂಬ ಮೂರಕ್ಕೂ ಮೊದಲ ವಾಕ್ಯದಲ್ಲೇ ಉತ್ತರ ಬೇಕು. ಅಡಿಕೆ ಅಂಗಳದ ಮೊದಲ ವಾಕ್ಯ ಹೀಗಿರಬಹುದು: ‘ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ಸಸಿ ನೆಡುವುದರಿಂದ ಕೊಯ್ಲಿನವರೆಗಿನ ಕೆಲಸಗಳನ್ನು ತೀರ್ಥಹಳ್ಳಿಯ ತೋಟದಲ್ಲೇ ನಿಂತು ತೋರಿಸುವ ಚಾನೆಲ್.’

ಮುಂದಿನ ಸಾಲುಗಳಲ್ಲಿ ವಿಷಯಗಳು ಬರಲಿ: ಕೊಳೆರೋಗ, ಎಲೆಚುಕ್ಕೆ ರೋಗ, ಬೋರ್ಡೋ ದ್ರಾವಣ, ಬಸಿಗಾಲುವೆ, ಕೊಯ್ಲು, ಬೇಯಿಸುವುದು, ಒಣಗಿಸುವುದು. ಅವು ವಾಕ್ಯಗಳಾಗಿಯೇ ಬರಬೇಕು, ಅಲ್ಪವಿರಾಮದ ಸರಮಾಲೆಯಾಗಿ ಬೇಡ. ಆಮೇಲೆ ಹೇಳುವವರು ಯಾರು ಎಂಬುದು: ಎಷ್ಟು ವರ್ಷಗಳ ತೋಟ, ಯಾವ ಬಗೆಯ ಮಣ್ಣು, ಮಳೆ ಎಷ್ಟು. ಕರಾವಳಿಯ ಅಡಿಕೆಗೂ ಬಯಲುಸೀಮೆಯ ಅಡಿಕೆಗೂ ಮಾಡುವ ಕೆಲಸ ಬೇರೆ ಬೇರೆ. ಚನ್ನಗಿರಿಯ ಬೆಳೆಗಾರರಿಗೆ ಇದು ತಮ್ಮ ತೋಟಕ್ಕೆ ಎಷ್ಟು ಹೊಂದುತ್ತದೆ ಎಂದು ಇದರಿಂದಲೇ ತಿಳಿಯಬೇಕು. ಕೊನೆಯಲ್ಲಿ ಹೊಸ ವಿಡಿಯೊ ಯಾವಾಗ ಬರುತ್ತದೆ ಎಂದು ಬರೆಯಬಹುದು, ಆದರೆ ನಡೆಸಿಕೊಡಬಲ್ಲ ಮಾತಾದರೆ ಮಾತ್ರ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು, ಸಿಗ್ನಲ್ ಎರಡೂ ಕೈಕೊಡುವ ಊರಿನಿಂದ ‘ಪ್ರತಿ ಭಾನುವಾರ’ ಎಂದು ಬರೆದು ತಪ್ಪುವುದಕ್ಕಿಂತ ಬರೆಯದಿರುವುದೇ ಮೇಲು.

ವಿವರಣೆಯ ಜಾಗದಲ್ಲೇ ಇನ್ನೊಂದು ಭಾಷೆ ಸೇರಿಸುವ ಸೌಲಭ್ಯವಿದೆ. ಚಾನೆಲ್ಲಿನ ಮೂಲ ಭಾಷೆ ಕನ್ನಡ ಎಂದು ಇಟ್ಟು, ಹೆಸರು ಮತ್ತು ವಿವರಣೆಯ ಇಂಗ್ಲಿಷ್ ರೂಪವನ್ನು ಪ್ರತ್ಯೇಕವಾಗಿ ಕೊಡಬಹುದು. ಫೋನಿನ ಯೂಟ್ಯೂಬನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡವರಿಗೆ ಇಂಗ್ಲಿಷ್ ರೂಪ ಕಾಣುತ್ತದೆ. ಎರಡೂ ಭಾಷೆಗಳನ್ನು ಒಂದೇ ವಿವರಣೆಯಲ್ಲಿ ತುರುಕಿ 1000 ಅಕ್ಷರ ಮುಗಿಸಬೇಕಾದ ಅಗತ್ಯವಿಲ್ಲ. ಕಾಸರಗೋಡಿನಿಂದ ಅಸ್ಸಾಂವರೆಗೆ ಅಡಿಕೆ ಬೆಳೆಯುವವರಿದ್ದಾರೆ, ಅವರಲ್ಲಿ ಕನ್ನಡ ಓದಲು ಬಾರದವರಿಗೂ ಚಾನೆಲ್ ಏನೆಂದು ತಿಳಿಯುತ್ತದೆ.

ಕೀವರ್ಡ್‌ಗೆ ಅರ್ಧ ಗಂಟೆ ಸಾಕು

Settings ಒಳಗೆ Channel ಎಂಬಲ್ಲಿ ದೇಶವನ್ನು ಆರಿಸುವ ಜಾಗವಿದೆ, ಅದರ ಕೆಳಗೆ ಕೀವರ್ಡ್ ತುಂಬುವ ಪೆಟ್ಟಿಗೆ. ಚಾನೆಲ್ಲಿನ ವಿಷಯ ಏನು ಎಂದು ಯೂಟ್ಯೂಬ್‌ಗೆ ತಿಳಿಸುವ ಪದಗಳಿವು, ನೋಡುಗರಿಗೆ ಕಾಣುವುದಿಲ್ಲ. ಪ್ರತಿ ವಿಡಿಯೊಗೆ ಹಾಕುವ ಟ್ಯಾಗ್‌ಗಳು ಇದರಿಂದ ಬೇರೆ.

ಇವೆರಡರ ಬಗ್ಗೆಯೂ ದೊಡ್ಡ ಭ್ರಮೆಗಳಿವೆ. ಸರಿಯಾದ ಟ್ಯಾಗ್ ಹಾಕಿದರೆ ವಿಡಿಯೊ ಓಡುತ್ತದೆ ಎಂದು ನಂಬಿಸಿ ಪಟ್ಟಿ ಮಾರುವವರೂ ಇದ್ದಾರೆ. ವಿಡಿಯೊವನ್ನು ಜನ ಹುಡುಕಿ ತಲುಪುವುದರಲ್ಲಿ ಟ್ಯಾಗಿನ ಪಾತ್ರ ತೀರಾ ಕಡಿಮೆ ಎಂದು ಯೂಟ್ಯೂಬ್ ತನ್ನ ಸಹಾಯ ಪುಟಗಳಲ್ಲಿ ನೇರವಾಗಿಯೇ ಹೇಳಿದೆ. ಶೀರ್ಷಿಕೆ, ಥಂಬ್‌ನೇಲ್, ವಿವರಣೆಗಳೇ ಮುಖ್ಯ. ಜನ ಸಾಮಾನ್ಯವಾಗಿ ಕಾಗುಣಿತ ತಪ್ಪಿ ಬರೆಯುವ ಪದಗಳಿಗೆ ಮಾತ್ರ ಟ್ಯಾಗ್ ಉಪಯೋಗಕ್ಕೆ ಬರುತ್ತದೆ.

ಕನ್ನಡದ ಚಾನೆಲ್ಲಿಗೆ ಆ ಒಂದು ಉಪಯೋಗವೇ ದೊಡ್ಡದು. ಅಡಿಕೆಯನ್ನು ಅಡಕೆ ಎಂದು ಬರೆಯುವವರಿದ್ದಾರೆ. ಫೋನಿನಲ್ಲಿ ಕನ್ನಡ ಕೀಲಿಮಣೆ ಬಳಸದೆ adike, adake ಎಂದು ಹುಡುಕುವವರಿದ್ದಾರೆ. ಕೊಳೆರೋಗವು koleroga ಆಗಿಯೂ kole roga ಆಗಿಯೂ ಬರುತ್ತದೆ. ಇಂಗ್ಲಿಷಿನಲ್ಲಿ arecanut ಒಂದೇ ಪದವಾಗಿಯೂ ಎರಡಾಗಿಯೂ ಇದೆ. ಇಂಥ ರೂಪಗಳನ್ನು ಹತ್ತು ಹದಿನೈದರಷ್ಟು ತುಂಬಿ ಮುಂದೆ ಹೋಗಬಹುದು. ಪೆಟ್ಟಿಗೆ 500 ಅಕ್ಷರ ಹಿಡಿಯುತ್ತದೆಂದು ಅಷ್ಟನ್ನೂ ತುಂಬಿಸಬೇಕಿಲ್ಲ. ಹೆಸರಾಂತ ಬೇರೆ ಚಾನೆಲ್‌ಗಳ ಹೆಸರು ಹಾಕುವುದು, ಟ್ಯಾಗ್‌ಗಳ ಪಟ್ಟಿಯನ್ನು ವಿಡಿಯೊದ ವಿವರಣೆಯಲ್ಲಿ ಸುರಿಯುವುದು ನಿಯಮಕ್ಕೆ ವಿರುದ್ಧ. ಅದಕ್ಕಾಗಿ ವಿಡಿಯೊವನ್ನು ತೆಗೆದುಹಾಕಲೂಬಹುದು.

ಲಿಂಕ್‌ಗಳು: ಒತ್ತಲಾಗದ ವಿಳಾಸ

ಚಾನೆಲ್ಲಿನ ಪುಟದಲ್ಲಿ 14 ಲಿಂಕ್‌ಗಳವರೆಗೆ ಹಾಕಬಹುದು. ಎದ್ದು ಕಾಣುವುದು ಮೊದಲನೆಯದು, ಉಳಿದವು ‘ಇನ್ನಷ್ಟು’ ಎಂಬುದರ ಹಿಂದೆ ಅಡಗುತ್ತವೆ. ಆದ್ದರಿಂದ ನೋಡುಗ ಒಂದೇ ಒಂದನ್ನು ಒತ್ತುವುದಾದರೆ ಯಾವುದನ್ನು ಒತ್ತಬೇಕು ಎಂದು ಮೊದಲು ತೀರ್ಮಾನಿಸಬೇಕು. ಅಡಿಕೆ ಅಂಗಳಕ್ಕೆ ಅದು ಬೆಳೆಗಾರರ ಪ್ರಶ್ನೆಗಳಿಗಾಗಿ ಮಾಡಿದ ವಾಟ್ಸ್‌ಆ್ಯಪ್ ಗುಂಪು ಆಗಬಹುದು. ಖಾಲಿ ಇನ್‌ಸ್ಟಾಗ್ರಾಂ, ಎರಡು ವರ್ಷದಿಂದ ತೆರೆಯದ ಫೇಸ್‌ಬುಕ್ ಪುಟಗಳನ್ನು ಸೇರಿಸಿದರೆ ಒತ್ತಿ ಹೋದವರು ಬಾಗಿಲು ಹಾಕಿದ ಮನೆಯ ಮುಂದೆ ನಿಲ್ಲುತ್ತಾರೆ.

2023ರ ಆಗಸ್ಟ್‌ನಿಂದ ಈ ಪುಟದ ಲಿಂಕ್‌ಗಳಿಗೆ ಬೆಲೆ ಹೆಚ್ಚಿದೆ. ಮೋಸದ ಲಿಂಕ್‌ಗಳ ಹಾವಳಿ ತಡೆಯಲು ಯೂಟ್ಯೂಬ್ ಆಗ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ಗಳಲ್ಲಿ ಹಾಕುವ ವಿಳಾಸಗಳನ್ನು ಒತ್ತಲಾಗದ ಬರಿಯ ಅಕ್ಷರಗಳನ್ನಾಗಿ ಮಾಡಿತು. ಉದ್ದನೆಯ ವಿಡಿಯೊಗಳ ವಿವರಣೆಯಲ್ಲೂ ಹೊರಗಿನ ತಾಣಗಳ ಲಿಂಕ್ ಒತ್ತುವಂತಿರಲು ಚಾನೆಲ್ಲಿಗೆ ಯೂಟ್ಯೂಬ್‌ನ ಮೇಲಿನ ಹಂತದ ಸೌಲಭ್ಯ ಸಿಕ್ಕಿರಬೇಕು. Settings ಒಳಗಿನ Feature eligibility ಎಂಬಲ್ಲಿ ಚಾನೆಲ್ ಯಾವ ಹಂತದಲ್ಲಿದೆ ಎಂದು ಕಾಣುತ್ತದೆ. ಗುರುತಿನ ಚೀಟಿ ಕೊಟ್ಟೋ, ಮುಖದ ವಿಡಿಯೊ ಕೊಟ್ಟೋ ಆ ಹಂತಕ್ಕೆ ಏರಬಹುದು. ಅದು ಬೇಡವೆಂದರೆ ನಿಯಮ ಮುರಿಯದೆ ಚಾನೆಲ್ ನಡೆಸುತ್ತ ಕಾಯಬೇಕು. ‘ಲಿಂಕ್ ಕೆಳಗೆ ಕೊಟ್ಟಿದ್ದೇವೆ’ ಎಂದು ವಿಡಿಯೊದಲ್ಲಿ ಹೇಳಿ, ಅದು ಒತ್ತಲಾಗದ ಅಕ್ಷರವಾಗಿದ್ದರೆ ಕಷ್ಟ. ಆದ್ದರಿಂದ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಸಂಪರ್ಕಕ್ಕೆ ಕೊಡುವ ಇಮೇಲ್ ಬೇರೆಯದೇ ಆಗಿರಲಿ, ಚಾನೆಲ್ಲಿನ ಒಡೆತನವಿರುವ ವಿಳಾಸ ಬೇಡ. ಸುಳ್ಳು ಪ್ರಾಯೋಜಕರ ಫೈಲುಗಳು ಬರುವುದು ಎಲ್ಲರಿಗೂ ಕಾಣುವ ಈ ವಿಳಾಸಕ್ಕೇ.

ಪ್ರತಿ ವಿಡಿಯೊದೊಳಗೂ ಹೋಗುವ ಆಯ್ಕೆಗಳು

ಇಲ್ಲಿಯವರೆಗಿನದೆಲ್ಲ ಚಾನೆಲ್ಲಿನ ಪುಟದ ಮಾತು. ಇನ್ನುಳಿದದ್ದು Settings ಒಳಗಿನ Upload defaults. ಬಹಳಷ್ಟು ಜನ ಇದನ್ನು ತೆರೆದೇ ಇರುವುದಿಲ್ಲ. ಇಲ್ಲಿ ಒಮ್ಮೆ ತುಂಬಿದ್ದು ಮುಂದೆ ಏರಿಸುವ ಪ್ರತಿ ವಿಡಿಯೊದಲ್ಲೂ ತಾನಾಗಿ ಬಂದು ಕೂರುತ್ತದೆ. ಈಗಾಗಲೇ ಏರಿಸಿದ ವಿಡಿಯೊಗಳಿಗೆ ಅನ್ವಯಿಸುವುದಿಲ್ಲ. ಮೊದಲ ವಿಡಿಯೊಗಿಂತ ಮುಂಚೆಯೇ ಇದನ್ನು ಮಾಡಬೇಕಾದದ್ದು ಅದಕ್ಕೇ. ಇನ್ನೊಂದು ಮಿತಿಯೂ ಇದೆ: ಕಂಪ್ಯೂಟರಿನ ಬ್ರೌಸರಿನಿಂದ ಏರಿಸಿದ ವಿಡಿಯೊಗಳಿಗೆ ಮಾತ್ರ ಇದು ಕೆಲಸ ಮಾಡುತ್ತದೆ. ಅಣ್ಣ ತೋಟದಿಂದಲೇ ಫೋನಿನಲ್ಲಿ ಏರಿಸಿದರೆ ಈ ಯಾವ ಸಿದ್ಧತೆಯೂ ಜೊತೆಗೆ ಹೋಗುವುದಿಲ್ಲ. ಹಾಗಾಗಿ ಏರಿಸುವ ಕೆಲಸ ತಂಗಿಯ ಲ್ಯಾಪ್‌ಟಾಪಿನಿಂದಲೇ ನಡೆಯಲಿ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು.

ಶೀರ್ಷಿಕೆಯ ಜಾಗವನ್ನು ಖಾಲಿ ಬಿಡುವುದು ಒಳ್ಳೆಯದು. ಅಲ್ಲಿ ‘ಅಡಿಕೆ ಅಂಗಳ’ ಎಂದು ಬರೆದಿಟ್ಟರೆ ಅವಸರದಲ್ಲಿ ಬದಲಿಸಲು ಮರೆತ ವಿಡಿಯೊಗಳೆಲ್ಲ ಒಂದೇ ಹೆಸರಿನಲ್ಲಿ ಹೊರಬರುತ್ತವೆ. ಖಾಲಿ ಇದ್ದರೆ ಫೈಲಿನ ಹೆಸರು ಬಂದು ಕೂರುತ್ತದೆ. VID ಎಂದು ಶುರುವಾಗಿ ಅಂಕಿಗಳ ಸಾಲಿರುವ ಆ ಹೆಸರನ್ನು ನೋಡಿದ ಕೂಡಲೇ ಬದಲಿಸಬೇಕೆಂದು ಹೊಳೆಯುತ್ತದೆ.

ವಿವರಣೆಯ ಜಾಗದಲ್ಲಿ ಪ್ರತಿ ವಿಡಿಯೊಗೂ ಬೇಕಾದ ಮಾತುಗಳು ಮಾತ್ರ ಇರಲಿ. ಮೇಲೆ ಎರಡು ಸಾಲು ಖಾಲಿ ಬಿಟ್ಟು, ಅಲ್ಲಿ ‘ಈ ವಿಡಿಯೊದಲ್ಲಿ:’ ಎಂದಷ್ಟೇ ಬರೆದಿಡಬಹುದು. ವಿಡಿಯೊದ ಕೆಳಗೆ ಒತ್ತದೆಯೇ ಕಾಣುವುದು ಆ ಮೊದಲ ಸಾಲುಗಳು, ಅವನ್ನು ಪ್ರತಿ ಸಲ ಹೊಸದಾಗಿ ಬರೆಯಲೇಬೇಕು. ಅದರ ಕೆಳಗೆ ಚಾನೆಲ್ಲಿನ ಒಂದು ವಾಕ್ಯದ ಪರಿಚಯ. ಔಷಧದ ವಿಷಯ ಹೇಳುವ ಚಾನೆಲ್ ಆದ್ದರಿಂದ ‘ನಿಮ್ಮ ತೋಟಕ್ಕೆ ತಕ್ಕ ಪ್ರಮಾಣವನ್ನು ಹತ್ತಿರದ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ’ ಎಂಬ ಸೂಚನೆ. ಕೊನೆಗೆ ಸಬ್‌ಸ್ಕ್ರೈಬ್ ಮಾಡುವ ಲಿಂಕ್. ಚಾನೆಲ್ಲಿನ ವಿಳಾಸದ ಕೊನೆಗೆ ಒಂದು ಚಿಕ್ಕ ತುಂಡು ಸೇರಿಸಿದರೆ ಕಂಪ್ಯೂಟರಿನಲ್ಲಿ ಅದನ್ನು ಒತ್ತಿದವರಿಗೆ ‘ಸಬ್‌ಸ್ಕ್ರೈಬ್ ಮಾಡುವಿರಾ?’ ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ:

```
https://www.youtube.com/@adikeangala?sub_confirmation=1
```

ಬದಲಾಗಬಹುದಾದ ವಿಳಾಸಗಳನ್ನು ಇಲ್ಲಿ ಹಾಕಬಾರದು. ವಾಟ್ಸ್‌ಆ್ಯಪ್ ಗುಂಪಿನ ಆಹ್ವಾನದ ಲಿಂಕ್ ಮುಂದಿನ ವರ್ಷ ಬದಲಾದರೆ ಅಷ್ಟೂ ವಿಡಿಯೊಗಳ ವಿವರಣೆಯಲ್ಲಿ ಸತ್ತ ಲಿಂಕ್ ಉಳಿಯುತ್ತದೆ. ಅಂಥವನ್ನು ಚಾನೆಲ್ಲಿನ ಪುಟದಲ್ಲಿಟ್ಟು, ವಿವರಣೆಯಲ್ಲಿ ‘ಸಂಪರ್ಕದ ಲಿಂಕ್ ಚಾನೆಲ್ ಪುಟದಲ್ಲಿದೆ’ ಎಂದು ಬರೆದರೆ ಒಂದು ಕಡೆ ತಿದ್ದಿದರೆ ಸಾಕು.

ಯಾರಿಗೆ ಕಾಣಬೇಕು ಎಂಬಲ್ಲಿ Private ಎಂದು ಆರಿಸಿಡಬೇಕು. ಅರ್ಧ ಸಂಕಲನವಾದ ಫೈಲು, ತಪ್ಪು ಥಂಬ್‌ನೇಲ್, ಔಷಧದ ಪ್ರಮಾಣ ತಪ್ಪಾಗಿ ನಮೂದಾದ ವಿಡಿಯೊ ಕೈತಪ್ಪಿ ಹೊರಗೆ ಹೋಗದಂತೆ ಇದು ಕಾಯುತ್ತದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಬೇಕು. ಪರದೆಯ ಮೇಲಿನ ಅಕ್ಷರಗಳಲ್ಲಿ ಸುಣ್ಣದ ಲೆಕ್ಕ ಕಡಿಮೆಯಾದರೆ ದ್ರಾವಣ ಹುಳಿಯಾಗಿ ಸಿಂಗಾರವನ್ನೂ ಎಳೆಗಾಯಿಯನ್ನೂ ಸುಡಬಹುದು. ಅಣ್ಣ ಒಮ್ಮೆ ಪೂರ್ತಿ ನೋಡಿ ಒಪ್ಪಿದ ಮೇಲೆ ತಂಗಿ ಅದನ್ನು Public ಮಾಡಲಿ.

ಮುಂದಿನ ಆಯ್ಕೆಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ. ವರ್ಗವನ್ನು ಬದಲಿಸದಿದ್ದರೆ People & Blogs ಎಂದಿರುತ್ತದೆ, ಕೃಷಿಯ ಪಾಠಕ್ಕೆ Education ಸರಿ. ವಿಡಿಯೊದ ಭಾಷೆ, ಶೀರ್ಷಿಕೆಯ ಭಾಷೆ ಎರಡನ್ನೂ ಕನ್ನಡ ಎಂದು ಆರಿಸಬೇಕು. ಪರವಾನಗಿಯ ಜಾಗದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. Standard YouTube License ಎಂದಿದ್ದರೆ ಹಕ್ಕು ಮಾಡಿದವರದೇ. Creative Commons ಎಂದು ಆರಿಸಿದರೆ ಹೆಸರು ಹೇಳಿ ಯಾರು ಬೇಕಾದರೂ ವಿಡಿಯೊವನ್ನು ಬಳಸಬಹುದು, ತಿದ್ದಬಹುದು, ಅದರಿಂದ ಹಣವನ್ನೂ ಗಳಿಸಬಹುದು. ಜ್ಞಾನ ಹರಡಲಿ ಎಂಬ ಮನಸ್ಸಿನಿಂದ ಅದನ್ನು ಆರಿಸುವುದು ದೊಡ್ಡ ಗುಣ. ಆದರೆ ಒಮ್ಮೆ ಕೊಟ್ಟ ಅನುಮತಿಯ ಮೇಲೆ ಆಗಲೇ ಬಳಸಿಕೊಂಡವರಿಂದ ಅದನ್ನು ವಾಪಸು ಪಡೆಯಲಾಗದು ಎಂದು ತಿಳಿದೇ ಆರಿಸಬೇಕು.

ಮಕ್ಕಳಿಗಾಗಿಯೇ ಎಂಬ ಪ್ರಶ್ನೆ

ಚಾನೆಲ್ಲಿನ Advanced settings ಒಳಗೆ ಒಂದು ಪ್ರಶ್ನೆ ಇದೆ: ಈ ಚಾನೆಲ್ ಮಕ್ಕಳಿಗಾಗಿ ಮಾಡಿದ್ದೇ? ಇದರ ಹಿಂದೆ ಒಂದು ಕಾನೂನಿನ ಕಥೆಯಿದೆ. ಮಕ್ಕಳ ಮಾಹಿತಿಯನ್ನು ಪಾಲಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯದೊಂದಿಗೆ 17 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ ಬಂದವು. ಅದರ ಫಲವಾಗಿ ಜಗತ್ತಿನ ಪ್ರತಿ ಚಾನೆಲ್ಲೂ ಈ ಪ್ರಶ್ನೆಗೆ ಉತ್ತರಿಸಬೇಕಾಯಿತು.

ಮಕ್ಕಳೂ ನೋಡಬಹುದಾದ ಒಳ್ಳೆಯ ಚಾನೆಲ್ ನಮ್ಮದು ಎಂಬ ಅರ್ಥದಲ್ಲಿ ಹಲವರು ಇಲ್ಲಿ ‘ಹೌದು’ ಎನ್ನುತ್ತಾರೆ. ಪ್ರಶ್ನೆ ಕೇಳುತ್ತಿರುವುದು ಅದನ್ನಲ್ಲ. ಶಿಶುಗೀತೆ, ಆಟಿಕೆ, ಕಥೆಗಳಂತೆ ಮಕ್ಕಳನ್ನೇ ಉದ್ದೇಶಿಸಿದ್ದೇ ಎಂದು ಅದು ಕೇಳುತ್ತದೆ. ‘ಹೌದು’ ಎಂದರೆ ಕಾಮೆಂಟ್ ಮುಚ್ಚಿಹೋಗುತ್ತದೆ, ಬೆಲ್ ಸೂಚನೆ ಇರುವುದಿಲ್ಲ, ಕೊನೆಯಲ್ಲಿ ಮುಂದಿನ ವಿಡಿಯೊ ತೋರಿಸಲಾಗುವುದಿಲ್ಲ, ನೋಡುಗರು ತಮ್ಮ ಪ್ಲೇಲಿಸ್ಟಿಗೆ ಸೇರಿಸಿಕೊಳ್ಳಲಾಗುವುದಿಲ್ಲ. ಬೆಳೆಗಾರರ ಪ್ರಶ್ನೆಗಳೇ ಜೀವಾಳವಾದ ಚಾನೆಲ್ಲಿಗೆ ಇದು ದೊಡ್ಡ ಪೆಟ್ಟು. ತೋಟದ ವಿಡಿಯೊದಲ್ಲಿ ಮನೆಯ ಮಗು ಓಡಾಡಿದ ಮಾತ್ರಕ್ಕೆ ಅದು ಮಕ್ಕಳ ವಿಡಿಯೊ ಆಗುವುದಿಲ್ಲ. ಅಡಿಕೆ ಅಂಗಳದ ಉತ್ತರ ‘ಅಲ್ಲ’. ಮಕ್ಕಳ ಹಾಡಿನ ಚಾನೆಲ್ಲಿನವರು ಕಾಮೆಂಟಿನ ಆಸೆಗೆ ‘ಅಲ್ಲ’ ಎನ್ನುವುದೂ ಅಷ್ಟೇ ತಪ್ಪು, ಯೂಟ್ಯೂಬ್ ಅದನ್ನು ತಾನೇ ಬದಲಿಸಬಹುದು.

ಒಂದು ಸುಳ್ಳು ವಿಡಿಯೊ

ಎಲ್ಲ ಮುಗಿಯಿತೆನಿಸಿದಾಗ ಪರೀಕ್ಷೆ. ಹತ್ತು ಸೆಕೆಂಡಿನ ಯಾವುದಾದರೂ ತುಣುಕನ್ನು ಕಂಪ್ಯೂಟರಿನಿಂದ ಏರಿಸಿ, ಏನನ್ನೂ ಬದಲಿಸದೆ ಹಾಗೆಯೇ ಉಳಿಸಬೇಕು. ವಿವರಣೆ ತಾನಾಗಿ ಬಂತೇ, ಭಾಷೆ ಕನ್ನಡವೇ, ವರ್ಗ ಸರಿಯೇ, Private ಎಂದೇ ಇದೆಯೇ ಎಂದು ನೋಡಬೇಕು. ವಿವರಣೆ ಬಂದಿಲ್ಲವೆಂದರೆ Upload defaults ಪುಟದಲ್ಲಿ ಉಳಿಸುವ ಗುಂಡಿ ಒತ್ತಿಲ್ಲ ಎಂದರ್ಥ. ಬಳಿಕ ಅದನ್ನು Unlisted ಮಾಡಿ, ಲಿಂಕನ್ನು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಬೇಕು. ತಮ್ಮ ಖಾತೆಯಿಂದ ನೋಡಿದರೆ ಒಡೆಯನಿಗೆ ಕಾಣುವ ಪುಟವೇ ಕಾಣುತ್ತದೆ, ಹೊರಗಿನವರ ಕಣ್ಣು ಬೇಕು. ಕಾಮೆಂಟ್ ಪೆಟ್ಟಿಗೆ ತೆರೆದಿದೆಯೇ, ವಿವರಣೆಯಲ್ಲಿನ ಲಿಂಕ್ ಒತ್ತಬಹುದೇ, ಚಾನೆಲ್ ಪುಟದಲ್ಲಿ ಬ್ಯಾನರಿನ ಅಕ್ಷರಗಳು ಫೋನಿನಲ್ಲಿ ಪೂರ್ತಿ ಇವೆಯೇ, ಮೊದಲ ಲಿಂಕ್ ಸರಿಯಾದ ಜಾಗಕ್ಕೆ ಒಯ್ಯುತ್ತದೆಯೇ ಎಂದು ಒಂದೊಂದಾಗಿ ಒತ್ತಿ ನೋಡಿ, ಆ ತುಣುಕನ್ನು ಅಳಿಸಿಬಿಡಬೇಕು.

ಇಷ್ಟಾದ ಮೇಲೆ ಮೊದಲ ನಿಜವಾದ ವಿಡಿಯೊದ ದಿನ ಉಳಿಯುವ ಕೆಲಸ ನಾಲ್ಕೇ: ಶೀರ್ಷಿಕೆ, ಥಂಬ್‌ನೇಲ್, ವಿವರಣೆಯ ಮೊದಲೆರಡು ಸಾಲು, ಮತ್ತು ಅಣ್ಣ ನೋಡಿ ಒಪ್ಪಿದ ಮೇಲೆ Private ಇದ್ದದ್ದನ್ನು Public ಮಾಡುವುದು. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ ಆಗಬೇಕು. ಅದನ್ನು ಹೇಳುವ ವಿಡಿಯೊ ಮೇ ತಿಂಗಳಲ್ಲೇ ಹೊರಬರಬೇಕಾದರೆ ಅಡಿಕೆ ಅಂಗಳದವರು ಈ ವ್ಯವಸ್ಥೆಯನ್ನೆಲ್ಲ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಮುಗಿಸಿಕೊಂಡಿರಬೇಕು.